ಇನ್ನೊಬ್ಬರ ಬಾಯಿಗೆ ಹೊಂದುವ ಅತಿಥಿ ಪರಿಚಯ ಬರೆಯುವುದು

(ಮಡಿಕೇರಿಯಲ್ಲಿ ಸಂಘ ಸಂಸ್ಥೆಗಳ ಕಾರ್ಯದರ್ಶಿಗಳಿಗೆ ಮತ್ತು ಶಿಕ್ಷಕರಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಕುಳಿತಿರುವ ಹೆಚ್ಚಿನವರು ವರ್ಷಕ್ಕೆ ನಾಲ್ಕಾರು ಸಲವಾದರೂ ಬೇರೆಯವರಿಗಾಗಿ ಪರಿಚಯ ಭಾಷಣ ಬರೆದುಕೊಡುವವರು. ಅಧ್ಯಕ್ಷರು ಫೋನ್ ಮಾಡಿ "ಅತಿಥಿಗಳ ಬಯೋಡೇಟಾ ಕಳಿಸಿದ್ದೇನೆ, ಒಂದು ಪುಟ ಮಾಡಿಕೊಡಿ" ಅನ್ನುತ್ತಾರೆ. ನೀವು ಬರೆದು ಕಳಿಸುತ್ತೀರಿ. ಕಾರ್ಯಕ್ರಮದ ದಿನ ಅವರು ಮೈಕಿನ ಮುಂದೆ ನಿಂತು ಓದಲು ಶುರು ಮಾಡಿದರೆ, ದಿನವೂ ನಮ್ಮ ಜೊತೆ ಮಾತಾಡುವ ಮನುಷ್ಯ ಅಲ್ಲಿ ಇರುವುದಿಲ್ಲ. ದನಿ ಒಂದೇ ಮಟ್ಟಕ್ಕೆ ಇಳಿದಿರುತ್ತದೆ, ಕಣ್ಣು ಕಾಗದಕ್ಕೆ ಅಂಟಿರುತ್ತದೆ. ಅತಿಥಿಯ ಹೆಸರು ಬರುವ ಹೊತ್ತಿಗೆ ಉಸಿರು ಮುಗಿದಿರುತ್ತದೆ. ಇದಕ್ಕೆ ಓದಿದವರ ಸಭಾಕಂಪವನ್ನು ದೂರುವುದು ರೂಢಿ. ನನ್ನ ಮಾತು ಬೇರೆ: ಹತ್ತರಲ್ಲಿ ಎಂಟು ಸಲ ತಪ್ಪು ಬರೆದುಕೊಟ್ಟವರದ್ದು.

ಇವತ್ತು ಒಂದೇ ಉದಾಹರಣೆ ಇಟ್ಟುಕೊಂಡು ಕೊನೆಯವರೆಗೆ ಹೋಗೋಣ. ಕಾಫಿ ಬೆಳೆಗಾರರ ಒಂದು ಸಂಘ. ಅಧ್ಯಕ್ಷರಿಗೆ ಅರವತ್ತು ದಾಟಿದೆ. ಮನೆಯಲ್ಲಿ ಕೊಡವ ತಕ್ಕ್, ತೋಟದಲ್ಲಿ ಕನ್ನಡ, ಬ್ಯಾಂಕಿನಲ್ಲಿ ಅರ್ಧ ಕನ್ನಡ ಅರ್ಧ ಇಂಗ್ಲಿಷ್. ಮಾತಿನಲ್ಲಿ ಚುರುಕು, ಓದುವುದರಲ್ಲಿ ನಿಧಾನ. ಅತಿಥಿ ಒಬ್ಬರು ಮಣ್ಣು ವಿಜ್ಞಾನಿ. ತೋಟಕ್ಕೆ ಸುಣ್ಣ ಹಾಕುವುದರ ಬಗ್ಗೆ ಮಾತಾಡಲು ಬರುತ್ತಿದ್ದಾರೆ. ಪರಿಚಯಕ್ಕೆ ಇರುವುದು ಒಂದೂವರೆ ನಿಮಿಷ. ಹೆಸರು ಬರುವ ಕಡೆ "ಇಂಥವರು" ಅಂತ ಇಟ್ಟುಕೊಳ್ಳೋಣ.

ಮೊದಲು ಸಾಮಾನ್ಯವಾಗಿ ನಾವು ಬರೆಯುವುದನ್ನೇ ನೋಡಿ.

"ಕೃಷಿ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನು ಪಡೆದು, ಮಣ್ಣಿನ ಫಲವತ್ತತೆಯ ಕುರಿತಾದ ಸಂಶೋಧನೆಗಾಗಿ ಡಾಕ್ಟರೇಟ್ ಪದವಿಗೆ ಭಾಜನರಾಗಿ, ಕಳೆದ ಇಪ್ಪತ್ತೆರಡು ವರ್ಷಗಳಿಂದ ಕಾಫಿ ಬೆಳೆಗಾರರ ಹಿತಕ್ಕಾಗಿ ಅವಿರತವಾಗಿ ಶ್ರಮಿಸುತ್ತಾ, ಮೂವತ್ತಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿರುವ ಬಹುಮುಖ ಪ್ರತಿಭೆಯ ಡಾ. ಇಂಥವರು ನಮ್ಮೊಡನಿದ್ದಾರೆ."

ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಮುದ್ರಿಸಿ ಕೈಗೆ ಕೊಟ್ಟರೆ ಯಾರೂ ಆಕ್ಷೇಪಿಸುವುದಿಲ್ಲ. ಈಗ ಗಟ್ಟಿಯಾಗಿ ಓದಿ. ಹೆಸರಿಗೆ ಬರುವ ಮೊದಲು 27 ಪದ ದಾಟಬೇಕು. "ಪಡೆದು", "ಭಾಜನರಾಗಿ", "ಶ್ರಮಿಸುತ್ತಾ", "ಪ್ರಕಟಿಸಿರುವ" – ಇವೆಲ್ಲ ಮುಂದೆ ಇನ್ನೂ ಏನೋ ಬರಲಿದೆ ಅನ್ನುವ ಕ್ರಿಯಾರೂಪಗಳು. ವಾಕ್ಯ ಎಲ್ಲೂ ನಿಲ್ಲುವುದಿಲ್ಲ, ಹಾಗಾಗಿ ಓದುವವರಿಗೆ ದನಿ ಇಳಿಸುವ ಜಾಗವೇ ಸಿಗುವುದಿಲ್ಲ. ಕನ್ನಡದಲ್ಲಿ ವಿಶೇಷಣವೆಲ್ಲ ಹೆಸರಿನ ಹಿಂದೆ ಪೇರಿಸಲು ಸಾಧ್ಯ. ಬರವಣಿಗೆಯಲ್ಲಿ ಅದು ನಮ್ಮ ಭಾಷೆಯ ಸೊಗಸು. ಬಾಯಲ್ಲಿ ಅದು ಏರು ದಾರಿಯಲ್ಲಿ ಮೂಟೆ ಹೊತ್ತ ಹಾಗೆ. ಕೇಳುವವರಿಗೂ ಯಾರ ವಿಷಯ ಅನ್ನುವುದು ಕೊನೆಗೆ ತಿಳಿಯುವುದರಿಂದ, ಅಷ್ಟು ಹೊತ್ತು ಪದವಿಗಳು ಯಾರಿಗೂ ಸೇರದೆ ಗಾಳಿಯಲ್ಲಿ ತೂಗುತ್ತಿರುತ್ತವೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಬಯೋಡೇಟಾದಿಂದ ಅಲ್ಲ, ಅಧ್ಯಕ್ಷರ ಮಾತಿನಿಂದ.

ಅವರಿಗೆ ಫೋನ್ ಮಾಡಿ. ಅತಿಥಿಯ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಕೇಳಬೇಡಿ. ಹಾಗೆ ಕೇಳಿದ ಕೂಡಲೇ ಅವರೂ ಭಾಷಣದ ಕನ್ನಡಕ್ಕೆ ಹೋಗುತ್ತಾರೆ. "ಈ ಮೇಡಂ ಬಂದರೆ ನಮ್ಮವರಿಗೆ ಏನು ಉಪಯೋಗ?" ಅಂತ ಕೇಳಿ. ಬರೆದುಕೊಳ್ಳುವುದಕ್ಕಾಗಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಐದು ನಿಮಿಷ ಸಾಕು. ಮೊದಲ ಒಂದು ನಿಮಿಷ ಅವರಿಗೆ ರೆಕಾರ್ಡಿಂಗ್ ನೆನಪಿರುತ್ತದೆ, ಆಮೇಲೆ ಮರೆಯುತ್ತಾರೆ. ನಿಮಗೆ ಬೇಕಾದದ್ದು ಆ ಮರೆತ ಮೇಲಿನ ಮಾತು.

ನಮ್ಮ ಉದಾಹರಣೆಯಲ್ಲಿ ಅಧ್ಯಕ್ಷರು ಹೀಗೆ ಹೇಳಿದರು ಅಂದುಕೊಳ್ಳಿ: "ನೋಡಿ, ನಮ್ಮವರು ಲೈಮ್ ಹಾಕ್ತಾರೆ. ಎಷ್ಟು ಅಂತ ಕೇಳಿದ್ರೆ ಪಕ್ಕದ ತೋಟದವ್ರು ಎಷ್ಟು ಹಾಕಿದ್ರು, ಅಷ್ಟು. ನಾನೂ ಅದೇ ಮಾಡ್ತಿದ್ದೆ. ಹೋದ ವರ್ಷ ನಲವತ್ತು ಜನ ಮಣ್ಣು ಕೊಟ್ಟೆವು. ನಂದು ರಿಪೋರ್ಟ್ ಬಂತು, ಮೇಲಿನ ತೋಟಕ್ಕೆ ಬೇಕು, ಕೆಳಗಿಂದಕ್ಕೆ ಬೇಡ ಅಂತ. ಎರಡಕ್ಕೂ ಒಂದೇ ಲೆಕ್ಕದಲ್ಲಿ ಹಾಕ್ತಿದ್ದೆ ನಾನು! ಅದು ಕೇಳ್ಬೇಕು ಜನ. ಕೇಳ್ಲಿಕ್ಕೆ ತುಂಬ ಉಂಟು ಅವ್ರ ಹತ್ರ."

ಇದರಲ್ಲಿ ಪರಿಚಯದ ಮುಕ್ಕಾಲು ಭಾಗ ಸಿದ್ಧವಾಗಿದೆ. ನೀವು ಇದನ್ನು ಕೇಳಿಸಿಕೊಳ್ಳುವಾಗ ಮೂರು ವಿಷಯ ಗುರುತು ಹಾಕಿಕೊಳ್ಳಬೇಕು.

ಒಂದು, ಅವರ ಪದಗಳು. ಅವರು "ರಿಪೋರ್ಟ್" ಅಂದರು, "ವರದಿ" ಅನ್ನಲಿಲ್ಲ. ಕಾಗದದಲ್ಲಿ "ಪರೀಕ್ಷಾ ವರದಿ" ಅಂತ ಬರೆದರೆ ಅವರು ಒಂದು ಕ್ಷಣ ತಡೆದು ಓದುತ್ತಾರೆ, ಆ ತಡೆ ಮೈಕಿನಲ್ಲಿ ಕೇಳುತ್ತದೆ. "ಉಂಟು" ಅಂದರು. ನಮ್ಮ ಜಿಲ್ಲೆಯಲ್ಲಿ ಇದು ಸಹಜ. ಕೊಡವ ತಕ್ಕ್‌ನಲ್ಲಿ "ಉಂಡ್", ಅರೆಭಾಷೆಯಲ್ಲಿ "ಉಟ್ಟು" ಅನ್ನುವವರಿಗೆ ಕನ್ನಡದ "ಉಂಟು" ಮನೆಯ ಮಾತಿಗೆ ಹತ್ತಿರ. ಅದನ್ನು "ಇದೆ" ಅಂತ ತಿದ್ದಬೇಡಿ. "ಲೈಮ್" ಮಾತ್ರ ಯೋಚಿಸಿ. ಅವರು ನಿಮ್ಮ ಜೊತೆ "ಲೈಮ್" ಅಂದಿದ್ದಾರೆ. ತೋಟದ ಕೆಲಸದವರ ಜೊತೆ "ಸುಣ್ಣ" ಅನ್ನುತ್ತಾರೋ ಏನೋ. ಸಭೆಯಲ್ಲಿ ಯಾವುದು ಅನ್ನುತ್ತೀರಿ ಅಂತ ಅವರನ್ನೇ ಕೇಳಿ. ಇಲ್ಲಿ ಉತ್ತರ "ಸುಣ್ಣ" ಅಂತ ಇಟ್ಟುಕೊಳ್ಳೋಣ.

ಎರಡು, ಉಸಿರು. ರೆಕಾರ್ಡಿಂಗಿನ ನಡುವಿನ ಒಂದು ನಿಮಿಷ ತೆಗೆದುಕೊಂಡು, ಅವರು ಎಲ್ಲೆಲ್ಲಿ ನಿಲ್ಲಿಸುತ್ತಾರೋ ಅಲ್ಲಿ ಗೆರೆ ಎಳೆದು ಪದ ಎಣಿಸಿ. ಇವರದ್ದು ಹೆಚ್ಚು ಕಡಿಮೆ ನಾಲ್ಕರಿಂದ ಏಳು ಪದಕ್ಕೆ ಒಂದು ನಿಲುಗಡೆ. ಅದೇ ನಿಮ್ಮ ಸಾಲಿನ ಅಳತೆ. ಎಂಟನೇ ಪದ ಅಪರೂಪಕ್ಕೆ ಬರಬಹುದು, ಹನ್ನೆರಡನೆಯದು ಬರಕೂಡದು.

ಮೂರು, ವೇಗ. ಇದನ್ನು ಮಾತಿನಿಂದ ಅಳೆಯಬೇಡಿ, ಓದಿನಿಂದ ಅಳೆಯಿರಿ. ದಿನಪತ್ರಿಕೆಯ ಯಾವುದೋ ಸುದ್ದಿಯನ್ನು ಒಂದು ನಿಮಿಷ ಗಟ್ಟಿಯಾಗಿ ಓದಲು ಹೇಳಿ, ಪದ ಎಣಿಸಿ. ಇಂಗ್ಲಿಷ್ ಭಾಷಣಕ್ಕೆ ನಿಮಿಷಕ್ಕೆ 130ರಿಂದ 150 ಪದ ಅನ್ನುವ ಲೆಕ್ಕವನ್ನು ಕೆಲವರು ಕನ್ನಡಕ್ಕೂ ಹಾಕುತ್ತಾರೆ, ಆಮೇಲೆ ಸಮಯ ಮೀರಿತು ಅಂತ ಒದ್ದಾಡುತ್ತಾರೆ. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟುತ್ತದೆ. "ತೋಟದಲ್ಲಿ" ಅನ್ನುವುದು ನಮಗೆ ಒಂದು ಪದ, "ಹಾಕುತ್ತಿದ್ದೆವು" ಅನ್ನುವುದೂ ಒಂದೇ ಪದ. ಪದ ಉದ್ದ, ಹಾಗಾಗಿ ನಿಮಿಷಕ್ಕೆ ಬರುವ ಸಂಖ್ಯೆ ಕಡಿಮೆ. ನಿಧಾನವಾಗಿ ಓದುವ ನಮ್ಮ ಅಧ್ಯಕ್ಷರದ್ದು 70 ಅಂತ ಬಂತು. ಒಂದೂವರೆ ನಿಮಿಷಕ್ಕೆ 105 ಪದ. ಹೆಸರಿನ ಮುಂಚಿನ ನಿಲುಗಡೆಗೆ, ಸಭೆಯತ್ತ ತಲೆಯೆತ್ತಿ ನೋಡುವುದಕ್ಕೆ ಹತ್ತು ಸೆಕೆಂಡು ಬಿಟ್ಟರೆ ಉಳಿಯುವುದು 90 ಚಿಲ್ಲರೆ ಪದ. ಅಷ್ಟರಲ್ಲಿ ಮುಗಿಸಬೇಕು.

ಜೂನ್‌ನಿಂದ ಆಗಸ್ಟ್‌ವರೆಗಿನ ಕಾರ್ಯಕ್ರಮವಾದರೆ, ಶೀಟ್ ಹೊದಿಸಿದ ಸಭಾಂಗಣವಾದರೆ, ಇನ್ನೂ ಕಡಿಮೆ ಮಾಡಿ. ಮಳೆ ಶೀಟಿಗೆ ಬಡಿಯುವಾಗ ಯಾರೇ ಆದರೂ ದನಿ ಎತ್ತುತ್ತಾರೆ. ದನಿ ಎತ್ತಿದರೆ ಉಸಿರು ಬೇಗ ಖಾಲಿಯಾಗುತ್ತದೆ. ಏಳು ಪದದ ಸಾಲು ಆಗ ಉದ್ದವಾಗುತ್ತದೆ.

ಈಗ ಬಯೋಡೇಟಾ ತೆಗೆಯಿರಿ. ಐದು ಪುಟ ಇರಬಹುದು. ಅದರಿಂದ ಬೇಕಾದದ್ದು ಎರಡೇ ಸಂಗತಿ: ಇವರು ಈ ವಿಷಯದ ಮೇಲೆ ಎಷ್ಟು ಕಾಲ ಕೆಲಸ ಮಾಡಿದ್ದಾರೆ, ಮತ್ತು ಆ ಕೆಲಸ ಈ ಸಭೆಗೆ ಎಲ್ಲಿ ಮುಟ್ಟುತ್ತದೆ. ಡಾಕ್ಟರೇಟ್ ಇದೆ ಅನ್ನುವುದನ್ನು "ಡಾಕ್ಟರ್" ಅನ್ನುವ ಒಂದೇ ಪದ ಹೇಳುತ್ತದೆ. ಪ್ರಶಸ್ತಿಗಳ ಪಟ್ಟಿ ಆಮಂತ್ರಣ ಪತ್ರಿಕೆಯ ಹಿಂಬದಿಗೆ ಹೋಗಲಿ. ಅತಿಥಿ ತಮ್ಮ ಭಾಷಣದಲ್ಲೇ ಹೇಳಲಿರುವ ಸಂಗತಿಯನ್ನು ಪರಿಚಯದಲ್ಲಿ ಹೇಳಿ ಮುಗಿಸಬಾರದು. ಹೆಚ್ಚು ಮಳೆ ಬೀಳುವ ಕಡೆ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿನ ಜೊತೆ ಇಳಿದುಹೋಗಿ ಮಣ್ಣು ಹುಳಿಯಾಗುತ್ತದೆ ಅನ್ನುವುದು ಅವರು ಬಿಡಿಸಿ ಹೇಳುವ ವಿಷಯ. ಪರಿಚಯದಲ್ಲಿ ಆ ಪ್ರಶ್ನೆ ಮಾತ್ರ ಬರಲಿ, ಉತ್ತರ ಬೇಡ.

ಹೆಸರಿನ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕೊಡಗಿನಲ್ಲಿ ಇದು ಚಿಕ್ಕ ವಿಷಯ ಅಲ್ಲ. ಕೊಡವ ಹೆಸರಿನಲ್ಲಿ ಮನೆ ಹೆಸರು ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅಂತ ದೇಶಕ್ಕೆಲ್ಲ ಗೊತ್ತು. ಜನರಲ್ ಕೆ.ಎಸ್. ತಿಮ್ಮಯ್ಯ ಅಂತಲೂ ಗೊತ್ತು. ಆ ಎರಡೂ "ಕೆ" ಒಂದೇ – ಕೊಡಂದೇರ. ಇನಿಶಿಯಲ್ ಹೇಳಿದರೆ ಅದು ಮರೆಯಾಗುತ್ತದೆ, ಪೂರ್ತಿ ಹೇಳಿದರೆ ಸಭೆಯ ಅರ್ಧ ಜನ ತಲೆಯೆತ್ತುತ್ತಾರೆ. ಹಾಗಾಗಿ ಅತಿಥಿ ಇಲ್ಲಿಯವರಾದರೆ ಮನೆ ಹೆಸರು ಪೂರ್ತಿ ಹೇಳಬೇಕೋ, ಇನಿಶಿಯಲ್ ಸಾಕೋ ಅಂತ ಅವರನ್ನೇ ಕೇಳಿ. ಇಂಗ್ಲಿಷಿನಲ್ಲಿ ಬಂದ ಬಯೋಡೇಟಾ ನೋಡಿ ಕನ್ನಡಕ್ಕೆ ಇಳಿಸಬೇಡಿ. ಡ ಯಾವುದು ದ ಯಾವುದು, ದೀರ್ಘ ಎಲ್ಲಿ, ಇದು ಇಂಗ್ಲಿಷ್ ಅಕ್ಷರದಿಂದ ತಿಳಿಯುವುದಿಲ್ಲ. ನಿಮ್ಮ ಹೆಸರು ನೀವೇ ಹೇಳಿ ಒಂದು ವಾಯ್ಸ್ ಮೆಸೇಜ್ ಕಳಿಸಿ ಅಂತ ವಿನಂತಿಸಿ. ಅದನ್ನು ಅಧ್ಯಕ್ಷರಿಗೂ ಕಳಿಸಿ. ಹತ್ತು ಸೆಕೆಂಡಿನ ಕೆಲಸ, ಬಿಟ್ಟರೆ ಇಡೀ ಪರಿಚಯ ಹಾಳಾಗುತ್ತದೆ.

ಇನ್ನು ಬರೆಯುವುದು. ಇಲ್ಲಿ ಕನ್ನಡದಲ್ಲಿ ಒಂದು ತೊಡಕು ಉಂಟು, ಹೆಚ್ಚಿನವರು ಎಡವುವುದು ಇಲ್ಲೇ. ನಾವು ಬರೆಯುವುದು "ಹಾಕುತ್ತಾರೆ", ಆಡುವುದು "ಹಾಕ್ತಾರೆ". ಆಡುಮಾತಿಗೆ ಹೊಂದಿಸಬೇಕು ಅಂತ ನೀವು "ಹಾಕಿದ್ಮೇಲೆ", "ಕೇಳ್ಬೇಕಾದ್ದು" ಅಂತ ಬರೆದುಕೊಟ್ಟರೆ ಓದುವವರ ಕಣ್ಣು ಆ ಒತ್ತಕ್ಷರದ ಮೇಲೆ ಮುಗ್ಗರಿಸುತ್ತದೆ. ಬಾಯಿಗೆ ಪರಿಚಯ ಇದ್ದರೂ ಕಣ್ಣಿಗೆ ಇಲ್ಲ. ಪೂರ್ತಿ ಗ್ರಾಂಥಿಕ ರೂಪ ಕೊಟ್ಟರೆ ವಾರ್ತೆ ಓದಿದ ಹಾಗೆ ಕೇಳುತ್ತದೆ.

ಇದಕ್ಕೆ ದಾರಿ ಏನೆಂದರೆ, ಬರೆದರೂ ಆಡಿದರೂ ಒಂದೇ ಥರ ಇರುವ ರೂಪಗಳನ್ನು ಹುಡುಕಿ ಬಳಸುವುದು. "ಬೇಕು", "ಬೇಡ", "ಗೊತ್ತು", "ಉಂಟು", "ಬಂತು", "ಇತ್ತು" – ಇವು ಕಾಗದದಲ್ಲೂ ಬಾಯಲ್ಲೂ ಒಂದೇ. ಇನ್ನೂ ಒಳ್ಳೆಯದು ಕ್ರಿಯಾಪದವೇ ಇಲ್ಲದ ವಾಕ್ಯ. "ಅವರು ಮಣ್ಣು ಪರೀಕ್ಷೆಯ ಕಾರ್ಯವನ್ನು ನಿರ್ವಹಿಸುತ್ತಿದ್ದಾರೆ" ಬದಲು "ಅವರ ಕೆಲಸ ಮಣ್ಣು ಪರೀಕ್ಷೆ". ಕನ್ನಡ ಇದಕ್ಕೆ ಅನುಕೂಲ ಮಾಡಿಕೊಟ್ಟಿದೆ, ಬಳಸಿಕೊಳ್ಳಿ. ತಪ್ಪಿಸಲಾಗದ ಕಡೆ "ಹಾಕುತ್ತೇವೆ" ಅಂತ ಶಿಷ್ಟ ಕಾಗುಣಿತದಲ್ಲೇ ಬರೆದು, ಅದನ್ನು ನಿಮ್ಮ ಮಾತಿನ ಹಾಗೆ ಹೇಳಿ ಅಂತ ತಿಳಿಸಿದರೆ ಸಾಕು. ಒಂದೆರಡು ಸಲ ಓದಿದ ಮೇಲೆ ಅವರ ಬಾಯಿ ತಾನಾಗಿಯೇ "ಹಾಕ್ತೇವೆ" ಅನ್ನುತ್ತದೆ.

ಮಹಾಪ್ರಾಣ ಇರುವ ಗ್ರಾಂಥಿಕ ಪದಗಳನ್ನೂ ಆದಷ್ಟು ಬಿಡಿ. "ಫಲವತ್ತತೆ", "ಅಧ್ಯಯನಶೀಲ", "ಪ್ರಬುದ್ಧ" ಇವು ನಮ್ಮ ದಿನದ ಮಾತಿನಲ್ಲಿ ಇಲ್ಲ. ಇವನ್ನು ಹೇಳುವಾಗ ಉಚ್ಚಾರ ತಪ್ಪೀತು ಅನ್ನುವ ಅಳುಕು ಶುರುವಾಗುತ್ತದೆ, ಆ ಅಳುಕು ಮುಂದಿನ ಮೂರು ಸಾಲಿಗೂ ಹರಡುತ್ತದೆ.

ಇಷ್ಟನ್ನೂ ಸೇರಿಸಿದರೆ ನಮ್ಮ ಅಧ್ಯಕ್ಷರ ಪರಿಚಯ ಹೀಗಾಗುತ್ತದೆ. ಒಂದು ಸಾಲು ಅಂದರೆ ಒಂದು ಉಸಿರು.

ನಮ್ಮ ತೋಟದ ಮಣ್ಣಿಗೆ ಎಲ್ಲರೂ ಸುಣ್ಣ ಹಾಕುತ್ತೇವೆ.
ಎಷ್ಟು ಹಾಕಬೇಕು?
ಕೇಳಿದರೆ, ಪಕ್ಕದ ತೋಟದವರು ಎಷ್ಟು ಹಾಕಿದರೋ ಅಷ್ಟು.
ಹಾಗೆ ಹಾಕಿದರೆ ದುಡ್ಡೂ ದಂಡ, ಗಿಡಕ್ಕೂ ಒಳ್ಳೆಯದಲ್ಲ.

ಹೋದ ವರ್ಷ ನಮ್ಮ ಸಂಘದ ನಲವತ್ತು ಜನ ಮಣ್ಣು ಕೊಟ್ಟೆವು.
ನಾನೂ ಕೊಟ್ಟೆ.
ರಿಪೋರ್ಟ್ ಬಂತು.
ಮೇಲಿನ ತೋಟಕ್ಕೆ ಬೇಕು, ಕೆಳಗಿನ ತೋಟಕ್ಕೆ ಬೇಡ ಅಂತ ಇತ್ತು.
ಅಲ್ಲಿಯವರೆಗೆ ನಾನು ಎರಡಕ್ಕೂ ಒಂದೇ ಲೆಕ್ಕದಲ್ಲಿ ಹಾಕುತ್ತಿದ್ದೆ.

ಮೇಡಂ ಅವರ ಕೆಲಸ ಮಣ್ಣು ಪರೀಕ್ಷೆ.
ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ.
ನಮ್ಮ ಕಡೆಯ ಮಣ್ಣು ಅವರಿಗೆ ಚೆನ್ನಾಗಿ ಗೊತ್ತು.
ಮಳೆ ಜಾಸ್ತಿ ಇರುವ ಕಡೆ ಮಣ್ಣು ಯಾಕೆ ಹುಳಿಯಾಗುತ್ತದೆ,
ಅದಕ್ಕೆ ಸುಣ್ಣ ಯಾವಾಗ ಬೇಕು, ಯಾವಾಗ ಬೇಡ,
ಅದನ್ನೇ ಅವರು ಇವತ್ತು ಹೇಳುತ್ತಾರೆ.

ನಿಮ್ಮ ರಿಪೋರ್ಟ್ ತಂದಿದ್ದರೆ ಕೈಯಲ್ಲಿ ಇಟ್ಟುಕೊಳ್ಳಿ.
ಕೊನೆಯಲ್ಲಿ ಕೇಳಲಿಕ್ಕೆ ಟೈಮ್ ಉಂಟು.

ಮಣ್ಣು ವಿಜ್ಞಾನಿ,
ಡಾಕ್ಟರ್ ಇಂಥವರು.
ಮೇಡಂ, ಬನ್ನಿ.

ಎಣಿಸಿ ನೋಡಿದರೆ 90ರ ಆಸುಪಾಸಿನಲ್ಲಿದೆ. "ಪಕ್ಕದ ತೋಟದವರು ಎಷ್ಟು ಹಾಕಿದರೋ ಅಷ್ಟು" ಅವರದ್ದೇ ಮಾತು, ನಾವು ಜಾಗ ಮಾತ್ರ ಮಾಡಿಕೊಟ್ಟೆವು. "ನಾನೂ ಕೊಟ್ಟೆ" ಅನ್ನುವುದು ಎರಡೇ ಪದ. ಆದರೆ ಅದನ್ನು ಅವರು ಕಾಗದ ನೋಡದೆ ಹೇಳಬಲ್ಲರು, ಏಕೆಂದರೆ ಅದು ನಡೆದದ್ದು. ಇಲ್ಲಿ ಒಂದು ಗಡಿ ಇದೆ, ಅದನ್ನು ದಾಟಬೇಡಿ. ಅವರು ಹೇಳದ "ನಾನು" ಒಂದನ್ನೂ ನೀವು ಸೇರಿಸುವ ಹಾಗಿಲ್ಲ. "ಇವರ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ" ಅಂತ ನೀವು ಬರೆದು, ಚಹಾದ ಹೊತ್ತಿನಲ್ಲಿ ಅತಿಥಿ "ಯಾವ ಲೇಖನ ಸರ್?" ಅಂತ ಕೇಳಿದರೆ ಅವಮಾನ ಆಗುವುದು ಅಧ್ಯಕ್ಷರಿಗೆ. ನಲವತ್ತು ಅನ್ನುವ ಅಂಕಿಯನ್ನೂ ಸಂಘದ ಪುಸ್ತಕದಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ಸಭೆಯಲ್ಲಿ ಆ ನಲವತ್ತೂ ಜನ ಕುಳಿತಿರುತ್ತಾರೆ.

ಹೆಸರು ಕೊನೆಗೆ ಬಂದದ್ದನ್ನು ಗಮನಿಸಿದಿರಾ? ಮೊದಲ ಉದಾಹರಣೆಯಲ್ಲೂ ಕೊನೆಗೇ ಬಂದಿತ್ತು. ವ್ಯತ್ಯಾಸ ಇಷ್ಟೇ: ಅಲ್ಲಿ ಉಸಿರು ಮುಗಿದ ಮೇಲೆ ಬಂತು, ಇಲ್ಲಿ ಹೊಸ ಉಸಿರು ತೆಗೆದುಕೊಂಡ ಮೇಲೆ ಬರುತ್ತದೆ. ಹೆಸರಿನ ನಂತರ "ಬನ್ನಿ" ಬಿಟ್ಟು ಬೇರೇನೂ ಇರಬಾರದು. "ಅವರನ್ನು ವೇದಿಕೆಗೆ ಸಾದರದಿಂದ ಬರಮಾಡಿಕೊಳ್ಳುತ್ತಾ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ" ಅಂತ ಬರೆದರೆ ಚಪ್ಪಾಳೆಗೂ ಮಾತಿಗೂ ಜಗಳ.

ಕಾಗದದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಕ್ಷರ 18 ಪಾಯಿಂಟ್‌ಗಿಂತ ಸಣ್ಣದು ಬೇಡ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಕಲಸಿಹೋಗುತ್ತವೆ. ಅಂಕಿಗಳನ್ನು ಅವರು ಹೇಳುವ ಹಾಗೆ ಅಕ್ಷರದಲ್ಲಿ ಬರೆಯಿರಿ. 22 ಅಂತ ಇದ್ದರೆ "ಇಪ್ಪತ್ತೆರಡು" ಅನ್ನಲೋ "ಟ್ವೆಂಟಿ ಟೂ" ಅನ್ನಲೋ ಅಂತ ಆ ಕ್ಷಣದಲ್ಲಿ ತೀರ್ಮಾನಿಸಬೇಕಾಗುತ್ತದೆ. ಪುಟದ ಕೆಳಗಿನ ಮೂರನೇ ಒಂದು ಭಾಗ ಖಾಲಿ ಇರಲಿ. ಅಲ್ಲಿಯವರೆಗೂ ಬರೆದರೆ ಓದುತ್ತಾ ಓದುತ್ತಾ ತಲೆ ಬಾಗಿ ಮೈಕಿನಿಂದ ಬಾಯಿ ದೂರವಾಗುತ್ತದೆ. ಒಂದು ಪುಟದಲ್ಲಿ ಹಿಡಿಸದಿದ್ದರೆ ಇನ್ನೊಂದು ಹಾಳೆ ತೆಗೆದುಕೊಳ್ಳಿ, ಹಿಂಬದಿಗೆ ಮುಂದುವರಿಸಬೇಡಿ.

ಆಮೇಲೆ ತಾಲೀಮು. ನೀವು ಓದಿ ತೋರಿಸಬೇಡಿ. ತೋರಿಸಿದರೆ ಅವರು ನಿಮ್ಮ ರಾಗ ಹಿಡಿಯುತ್ತಾರೆ. ಕಾಗದ ಅವರ ಕೈಗೆ ಕೊಟ್ಟು, ನಿಂತು ಎರಡು ಸಲ ಓದಲು ಹೇಳಿ. ನಡುವೆ ತಿದ್ದಬೇಡಿ, ಇನ್ನೊಂದು ಪ್ರತಿಯಲ್ಲಿ ಗುರುತು ಹಾಕುತ್ತಾ ಹೋಗಿ.

ಎಡವುವುದರಲ್ಲಿ ಬೇರೆ ಬೇರೆ ಬಗೆ ಉಂಟು, ಒಂದೊಂದಕ್ಕೂ ಮದ್ದು ಬೇರೆ. ಬರೆದ ಪದದ ಬದಲು ಇನ್ನೊಂದು ಪದ ಹೇಳಿದರೆ, ಎರಡನೇ ಸಲವೂ ಅದನ್ನೇ ಹೇಳುತ್ತಾರಾ ನೋಡಿ. ಹೇಳಿದರೆ ಆ ಪದವೇ ಸರಿ, ಕಾಗದದಲ್ಲಿ ಬದಲಿಸಿ. ನಮ್ಮ ಉದಾಹರಣೆಯಲ್ಲಿ "ಮಳೆ ಜಾಸ್ತಿ ಇರುವ ಕಡೆ" ಅನ್ನುವುದನ್ನು ಅವರು ಎರಡೂ ಸಲ "ಮಳೆ ಜಾಸ್ತಿ ಬೀಳುವ ಕಡೆ" ಅಂತ ಓದಬಹುದು. ಹಾಗಾದರೆ "ಬೀಳುವ" ಅಂತಲೇ ಇರಲಿ. ಸಾಲಿನ ಕೊನೆಯ ಪದ ಕೇಳಿಸದೆ ಹೋದರೆ ಉಸಿರು ಸಾಲಲಿಲ್ಲ ಅಂತ ಅರ್ಥ, ಸಾಲನ್ನು ಎರಡಾಗಿ ಒಡೆಯಿರಿ. "ಮೇಲಿನ ತೋಟಕ್ಕೆ ಬೇಕು" ಅನ್ನುವುದು ಒಂದು ಸಾಲು, "ಕೆಳಗಿನ ತೋಟಕ್ಕೆ ಬೇಡ ಅಂತ ಇತ್ತು" ಇನ್ನೊಂದು. ಒಂದು ಸಾಲನ್ನೇ ಬಿಟ್ಟು ಮುಂದೆ ಹೋಗಿ, ಬಿಟ್ಟದ್ದು ಗೊತ್ತೇ ಆಗದಿದ್ದರೆ ಆ ಸಾಲು ಬೇಕಾಗಿಯೇ ಇರಲಿಲ್ಲ.

ಗುರುತಿಸಲು ಕಷ್ಟವಾದದ್ದು ಕೊನೆಯ ಬಗೆ. ಒಂದೂ ತಪ್ಪಿಲ್ಲದೆ, ಒಂದೇ ದನಿಯಲ್ಲಿ, ಸರಾಗವಾಗಿ ಓದಿ ಮುಗಿಸುತ್ತಾರೆ. ಚೆನ್ನಾಗಿ ಓದಿದರು ಅನ್ನಿಸುತ್ತದೆ. ಹಾಗೆ ದನಿ ಏರಿಳಿಯದ ಜಾಗ ನಿಮ್ಮ ಸ್ವಂತ ವಾಕ್ಯ ಇರುವ ಜಾಗ. ರೆಕಾರ್ಡಿಂಗಿಗೆ ಹಿಂತಿರುಗಿ, ಅದೇ ಸಂಗತಿಯನ್ನು ಅವರು ಹೇಗೆ ಹೇಳಿದ್ದರು ನೋಡಿ. ಎಷ್ಟೋ ಸಲ ಅಲ್ಲಿ ನೀವು ತುಂಬ ಇಷ್ಟಪಟ್ಟು ಬರೆದ ಸಾಲೇ ಇರುತ್ತದೆ. ತೆಗೆದುಹಾಕುವಾಗ ನೋವಾಗುತ್ತದೆ, ನನಗೆ ಅರ್ಥವಾಗುತ್ತದೆ. ಆದರೂ ತೆಗೆಯಿರಿ.

ತಾಲೀಮು ಕಾರ್ಯಕ್ರಮದ ಹಿಂದಿನ ದಿನ ಆಗಲಿ. ಅದೇ ದಿನ ಬೆಳಿಗ್ಗೆ ಮಾಡಿದರೆ ಬದಲಿಸಿದ ಪದ ಬಾಯಿಗೆ ಕೂರುವುದಿಲ್ಲ, ಹಳೆಯದೂ ಹೊಸದೂ ಬೆರೆಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕಡೆ ಕೈತಪ್ಪುತ್ತದೆ, ಅದು ನಿಮ್ಮ ಕಾಗದದ ಹೊರಗೆ. ನಮ್ಮ ಕಾರ್ಯಕ್ರಮಗಳಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಆದ ಮೇಲೆ ಪರಿಚಯ ಬರುತ್ತದೆ. ಸ್ವಾಗತ ಮಾಡುವವರು ಅದೇ ಬಯೋಡೇಟಾ ಹಿಡಿದು ಅತಿಥಿಯ ಪದವಿ, ಸೇವೆ ಎಲ್ಲ ಹೇಳಿರುತ್ತಾರೆ. ನಿರೂಪಕರು ಅಧ್ಯಕ್ಷರನ್ನು ಕರೆಯುವಾಗ ಅತಿಥಿಯ ಹೆಸರನ್ನು ಎರಡು ಸಲ ಹೇಳಿರುತ್ತಾರೆ. ಆಗ ನೀವು ಕೊನೆಗೆಂದು ಕಾಪಾಡಿಟ್ಟ ಹೆಸರು ಹಳಸಿರುತ್ತದೆ. ಹಾಗಾಗಿ ಹಿಂದಿನ ದಿನವೇ ಸ್ವಾಗತದವರಿಗೂ ನಿರೂಪಕರಿಗೂ ಒಂದೊಂದು ಚೀಟಿ ಕೊಡಿ. ಸ್ವಾಗತದವರ ಚೀಟಿಯಲ್ಲಿ "ಇಂದಿನ ಅತಿಥಿಗಳಿಗೆ ಸ್ವಾಗತ" ಅಂತ ಮಾತ್ರ. ನಿರೂಪಕರ ಚೀಟಿಯಲ್ಲಿ "ಈಗ ಅಧ್ಯಕ್ಷರಿಂದ ಅತಿಥಿ ಪರಿಚಯ" ಅಂತ ಮಾತ್ರ. ಅಧ್ಯಕ್ಷರ ಕಾಗದದ ಇನ್ನೊಂದು ಪ್ರತಿ ನಿಮ್ಮ ಜೇಬಿನಲ್ಲಿರಲಿ. ಮೊದಲ ಪ್ರತಿಯನ್ನು ಅವರು ಮನೆಯಲ್ಲೋ ಜೀಪಿನಲ್ಲೋ ಬಿಟ್ಟು ಬರುವುದು ಉಂಟು.